ಮೈಲುತುತ್ತು ಬಿಲ್ಲೂ ಫೋಟೋದಲ್ಲಿ ಕಟ್ ಆದ ಆ ಒಂದು ಸಾಲೂ

ಬದಿಯಡ್ಕದ ಹತ್ರ ಕೃಷಿ ಸಾಮಾನಿನ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೀತೇನೆ. ಮಳೆಗಾಲ ಹಿಡಿಯುವ ಮೊದಲು ಎಲ್ಲರಿಗೂ ಅಡಿಕೆಗೆ ಬೋರ್ಡೋ ಹೊಡೀಲಿಕ್ಕೆ ಮೈಲುತುತ್ತು ಬೇಕು, ಆ ಹದಿನೈದು ದಿನ ನಮಗೆ ಊಟಕ್ಕೂ ಪುರ್ಸೊತ್ತಿಲ್ಲ. ಗೋಡೌನ್ ಎರಡು ಕಿಲೋಮೀಟರ್ ಆಚೆ ಉಂಟು, ಹಾಗಾಗಿ ಮಾಲು ಬಂದ್ರೆ ಅಲ್ಲಿಂದ ಹಮೀದ್ಚ ಚಲನ್‌ನ ಫೋಟೋ ವಾಟ್ಸಾಪಲ್ಲಿ ಕಳಿಸ್ತಾರೆ, ಬಿಲ್ಲಿನ ಫೋಟೋ ಮಂಗ್ಳೂರಿನ ಸಪ್ಲೈಯರ್ ಕಡೆಯಿಂದ ಬರ್ತದೆ, ನಮ್ಮ ಆರ್ಡರ್ ನನ್ನ ಕಂಪ್ಯೂಟರಲ್ಲೇ ಉಂಟು. ಮೂರನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡಿ ಸರಿ ಇದ್ರೆ ಪೇಮೆಂಟಿಗೆ ಟಿಕ್ ಹಾಕೋದು ನನ್ನ ಕೆಲಸ. ಟಿಕ್ ಬಿದ್ದ ಮೇಲೆ ಭಟ್ರು ಹಣ ಹಾಕ್ತಾರೆ, ಅವರು ಮತ್ತೆ ಎಂತ ನೋಡೋದಿಲ್ಲ.

ಆ ದಿನದ ಆರ್ಡರ್ 2000 ಕೆಜಿ, ಕೆಜಿಗೆ 265 ರೂಪಾಯಿ. ಬಿಲ್ಲಲ್ಲೂ 2000 ಕೆಜಿ, 265, ಒಟ್ಟು 5,30,000, ಅದರ ಮೇಲೆ 18% ಐಜಿಎಸ್‌ಟಿ. ಮಾಲು ಕರ್ನಾಟಕದಿಂದ ಕೇರಳಕ್ಕೆ ಬರೋದಲ್ವಾ, ಗಡಿ ದಾಟುವಾಗ ಐಜಿಎಸ್‌ಟಿಯೇ ಇರ್ಬೇಕು, ಅದೂ ಸರಿ ಇತ್ತು. ಚಲನ್‌ನಲ್ಲಿ ಕೆಜಿ ಇಲ್ಲ, 80 ಚೀಲ ಅಂತ ಪ್ರಿಂಟ್. ಚೀಲ 25 ಕೆಜಿದ್ದು, 80 ಇಂಟು 25 ಅಂದ್ರೆ 2000. ಎಲ್ಲ ಕರೆಕ್ಟ್. ಮೌಸ್ ಟಿಕ್ ಮೇಲೇ ಇತ್ತು ಮಾರಾಯ್ರೆ.

ಆಗ ಚಲನ್ ಫೋಟೋದ ಮೂಲೇಲಿ ಒಂದು ನೀಲಿ ಕಲೆ ಕಾಣಿಸ್ತು, ಹೆಬ್ಬೆರಳು ಒತ್ತಿದ ಹಾಗೆ. ಮೊದಲು ಇಂಕಿರ್ಬಹುದು ಅಂದ್ಕೊಂಡೆ, ಆದ್ರೆ ಒಣಗಿದ ಮೈಲುತುತ್ತು ಮುಟ್ಟಿದ್ರೆ ಬೆರಳಿಗೆ ಅಷ್ಟು ದಟ್ಟ ನೀಲಿ ಹಿಡಿಯೋದಿಲ್ಲ, ನೀರು ತಾಗಿ ಕರಗಿದ್ರೆ ಮಾತ್ರ ಹಾಗಾಗೋದು. ಜೂಮ್ ಮಾಡಿ ನೋಡಿದೆ. ಫೋಟೋದ ಕೆಳಗಿನ ಅಂಚಲ್ಲಿ ಪೆನ್ನಿನ ಗೀಟುಗಳು, ಒಂದು ಸಾಲಿನ ಅಕ್ಷರಗಳ ತಲೆ ಮಾತ್ರ, ಉಳಿದದ್ದು ಕಟ್.

ಫೋನ್ ಮಾಡಿದೆ. "ಹಮೀದ್ಚ, ಚಲನ್‌ನ ಅಡೀಲಿ ಎಂತದೋ ಬರ್ದಿದ್ದೀರಲ್ಲ?"

"ಬರ್ದಿದ್ದೇನಲ್ಲ ಮೋಳೇ, ನಾಲ್ಕು ಚೀಲ ಒದ್ದೆ, ವಾಪಸ್ ಕಳ್ಸಿದ್ದೇನೆ. ಡ್ರೈವರ್ ಸೈನೂ ಉಂಟು."

ಬರ್ದದ್ದು ಮಲಯಾಳದಲ್ಲಿ: "4 ಚಾಕ್ಕ್ ನನಞ್ಞು, ತಿರಿಚ್ಚಯಚ್ಚು." ಉದ್ದದ ಕಾಗದ, ಗಾಳಿಗೆ ಹಾರದ ಹಾಗೆ ಅಡಿಭಾಗ ಮಡಚಿ ಹಿಡಿದು ಫೋಟೋ ತೆಗ್ದಿದ್ದಾರೆ, ಇಡೀ ಕಾಗದದಲ್ಲಿ ಮುಖ್ಯ ಇದ್ದದ್ದು ಆ ಒಂದೇ ಸಾಲು, ಅದೇ ಮಡಿಕೆಯ ಹಿಂದೆ ಹೋಗಿದೆ.

ಯೋಚಿಸಿದ್ರೆ ನಾನು ಮೂರು ಕಾಗದ ತಾಳೆ ನೋಡಿದ್ದೇ ಅಲ್ಲ. ಬಿಲ್ಲು ಮತ್ತೆ ಚಲನ್‌ನ ಪ್ರಿಂಟ್ ಭಾಗ ಎರಡೂ ಮಾಲು ಲೋಡ್ ಆಗುವಾಗ ಅವರ ಒಂದೇ ಕಂಪ್ಯೂಟರಿಂದ ಹೊರಟದ್ದು, ಬಿಲ್ಲು ಮಾಲು ಹೊರಡುವ ಮೊದಲೋ ಹೊರಡುವಾಗಲೋ ಆಗ್ಬೇಕು ಅಂತ ಜಿಎಸ್‌ಟಿ ನಿಯಮವೇ ಉಂಟು, ಹಾಗಿರುವಾಗ ದಾರೀಲಿ ಮಳೆಗೆ ಟಾರ್ಪಾಲ್ ಸೋರಿದ್ದು ಬಿಲ್ಲಿಗೆ ಗೊತ್ತಾಗೋದು ಹೇಗೆ? ಅವೆರಡು ತಾಳೆ ಆಗದಿದ್ರೇ ಆಶ್ಚರ್ಯ. ನಮ್ಮ ಬಾಗಿಲಿಗೆ ಎಷ್ಟು ಬಂತು ಅಂತ ಹೇಳೋದು ಹಮೀದ್ಚ ಪೆನ್ನಲ್ಲಿ ಬರ್ದದ್ದು ಒಂದೇ.

ಪೂರ್ತಿ ಕಾಗದದ ಫೋಟೋ ತರಿಸಿದೆ, ಈ ಸಲ ಡಾಕ್ಯುಮೆಂಟ್ ಮಾಡಿ, ಯಾಕಂದ್ರೆ ಹಾಗೇ ಕಳಿಸಿದ್ರೆ ವಾಟ್ಸಾಪ್ ಒತ್ತಿ ಸಣ್ಣ ಮಾಡಿ ಪೆನ್ನಿನ 3 ಮತ್ತೆ 8 ಒಂದೇ ಥರ ಕಾಣ್ತದೆ. ಬಂದದ್ದು 76 ಚೀಲ, 1900 ಕೆಜಿ, 5,03,500. ವ್ಯತ್ಯಾಸ 26,500, ತೆರಿಗೆ ಸೇರಿಸಿದ್ರೆ 31,270.

ಭಟ್ರು "ಅಷ್ಟು ಕಡಿಮೆ ಮಾಡಿ ಹಾಕುವ, ಮುಗೀತಲ್ಲ" ಅಂದ್ರು. ಮುಗಿಯೋದಿಲ್ಲ. ಅವರ ಖಾತೆಯಲ್ಲಿ 31,270 ನಮ್ಮ ಬಾಕಿ ಅಂತ ನಿಲ್ತದೆ, ವರ್ಷದ ಕೊನೆಗೆ ಜಗಳ, ಮೇಲಿಂದ ಕೈಗೆ ಬಾರದ ಮಾಲಿನ ತೆರಿಗೆ ಕ್ರೆಡಿಟ್ ನಾವು ತಗೊಳ್ಳುವ ಹಾಗೂ ಇಲ್ಲ. ಅದಕ್ಕೆ ಅವರು ಕ್ರೆಡಿಟ್ ನೋಟ್ ಕೊಡ್ಬೇಕು. ಬಿಲ್ಲನ್ನು ತಡೆಹಿಡಿದು ಕಾರಣ ಬರ್ದು ಫೋಟೋ ಸಮೇತ ಕಳಿಸಿದೆ. ಸಪ್ಲೈಯರ್ ಕಡೆಯವರು ಮೊದಲು "ನಮ್ಮಲ್ಲಿ 80 ಲೋಡ್ ಆಗಿದೆ ಮೇಡಂ" ಅಂತಲೇ ಹಿಡ್ಕೊಂಡ್ರು. ಡ್ರೈವರ್ ಸೈನ್ ಮಾಡಿದ ಜಾಗಕ್ಕೆ ಕೆಂಪು ಗುರುತು ಹಾಕಿ ಪುನಃ ಕಳಿಸಿದ ಮೇಲೆ ಮಾತಿಲ್ಲ, ಆ ಸೈನ್ ಇರದಿದ್ರೆ ನಾವು ಹೇಳಿದ್ದು ನಮ್ಮ ಬಾಯಿಮಾತಷ್ಟೇ ಆಗ್ತಿತ್ತು. ಎಂಟನೇ ದಿನ ಕ್ರೆಡಿಟ್ ನೋಟ್ ಬಂತು, ಆಮೇಲೆ ಟಿಕ್ ಹಾಕಿದೆ.

ಈಗ ಹಮೀದ್ಚ ಚಲನ್‌ನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಅಡಿಕೆ ಇಟ್ಟು ಫೋಟೋ ತೆಗೀತಾರೆ. ಮೊನ್ನೆ ಒಂದರಲ್ಲಿ ಅಡಿಕೆ ಸರಿಯಾಗಿ ಬಿಲ್ ನಂಬರಿನ ಮೇಲೆಯೇ ಕೂತಿತ್ತು.