ಕೊನೆಯ ಶೀಟಿನಲ್ಲಿದ್ದ ಸೆಕ್ಷನ್

ನಮ್ಮ ಆರ್ಕಿಟೆಕ್ಚರ್ ಸ್ಟುಡಿಯೊದ ಸೈಟ್ ಮಡಿಕೇರಿ ಹತ್ತಿರದ ಒಂದು ಇಳಿಜಾರು. ಅಲ್ಲೊಂದು ಸಮುದಾಯ ಭವನ ಮಾಡಬೇಕಿತ್ತು. ನಮ್ಮ ಡಿಸೈನ್ ನೋಡಿ ಪ್ರಶ್ನೆ ಕೇಳುವ ಜ್ಯೂರಿಯೂ ಮಡಿಕೇರಿಯಲ್ಲೇ ಇದ್ದದ್ದರಿಂದ ಹಿಂದಿನ ದಿನ ಮಾವನ ಮನೆಗೆ ಹೋಗಿ ಉಳಿದೆ. ಆರು ಎ1 ಶೀಟುಗಳನ್ನು ಜಗಲಿಯ ಗೋಡೆಗೆ ಅಂಟಿಸಿ, ಮಾಡೆಲ್ ಮುಂದಿಟ್ಟು, ಮಾವನಿಗೆ ವಿವರಿಸಲು ಶುರು ಮಾಡಿದೆ.

ಮೊದಲ ಶೀಟಿನಲ್ಲಿ ಕಾಫಿ ಹೂವು. ಅದೇ ನನ್ನ ಕಾನ್ಸೆಪ್ಟ್. ಆಮೇಲೆ ಪ್ಲಾನ್, ಎಲಿವೇಶನ್, ಬಣ್ಣದ ವ್ಯೂಗಳು. ಕಟ್ಟಡವನ್ನೂ ನೆಲವನ್ನೂ ಸೀಳಿ ತೋರಿಸುವ ಸೆಕ್ಷನ್ ಕೊನೆಯ ಶೀಟಿನ ಮೂಲೆಯಲ್ಲಿತ್ತು.

ಮಾವ ಹೂವಿನ ಬಗ್ಗೆ ಏನೂ ಹೇಳಲಿಲ್ಲ. "ಅಲ್ಲ ಮಾರಾಯ, ಮೇಲಿಂದ ಬರೋ ನೀರು ಎಲ್ಲಿಗೆ ಹೋಗುತ್ತೆ?" ಎಂದರು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡವರು. ಬೇರೆ ಏನು ಕೇಳುತ್ತಾರೆ?

ಉತ್ತರ ನನ್ನ ಹತ್ತಿರ ಇತ್ತು. ಅದೇ ತಮಾಷೆ. ಇಳಿಜಾರು ನಾಲ್ಕು ಮೀಟರಿಗೆ ಒಂದು ಮೀಟರ್. ಭವನ ಮುಂದಿನಿಂದ ಹಿಂದಕ್ಕೆ 15 ಮೀಟರ್. ಒಂದೇ ಮಟ್ಟದ ನೆಲ ಬೇಕೆಂದರೆ ಹಿಂದೆ ಹತ್ತಿರತ್ತಿರ ನಾಲ್ಕು ಮೀಟರ್ ಮಣ್ಣು ಕಡಿಯಬೇಕು. ಹಾಗಾಗಿ ಐದೈದು ಮೀಟರಿನ ಮೂರು ಮೆಟ್ಟಿಲು ಮಾಡಿದ್ದೆ, ಒಂದರಿಂದ ಇನ್ನೊಂದಕ್ಕೆ 1.25 ಮೀಟರ್ ವ್ಯತ್ಯಾಸ. ಹಿಂದುಗಡೆ ಒಂದು ಕಾಲುವೆ ನೀರನ್ನು ಪಕ್ಕದ ತೋಡಿಗೆ ತಿರುಗಿಸುತ್ತಿತ್ತು. ಹೂವಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆಕಾರ ಆದಮೇಲೆ ಹುಡುಕಿ ಅಂಟಿಸಿದ ಹೂವು ಅದು.

ರಾತ್ರಿ ಹೂವನ್ನು ತೆಗೆದೆ. ಸೈಟಿನ ಸೆಕ್ಷನ್ ಮೊದಲು ಬಂತು, ನೀರಿನ ದಾರಿ ನೀಲಿ ಗೆರೆಯಲ್ಲಿ. ಎರಡನೆಯದಕ್ಕೆ ಮೂರು ಸಣ್ಣ ಚಿತ್ರ: ಗುಡ್ಡ ಕಡಿದರೆ ಹೀಗೆ, ಕಂಬದ ಮೇಲೆ ನಿಲ್ಲಿಸಿದರೆ ಹೀಗೆ, ಮೆಟ್ಟಿಲಾದರೆ ಹೀಗೆ. ಆಮೇಲೆ ಪ್ಲಾನ್. ವ್ಯೂಗಳು ಕೊನೆಗೆ.

ಇನ್ನೊಂದು ಎಡವಟ್ಟು ಆಗ ಕಣ್ಣಿಗೆ ಬಿತ್ತು. ಪ್ಲಾನಿನಲ್ಲಿ ಉತ್ತರ ಮೇಲಿತ್ತು, ಇಳಿಜಾರು ಬಲಕ್ಕೆ ಇಳಿಯುತ್ತಿತ್ತು. ಮಾಡೆಲ್‌ನಲ್ಲಿ ಅದು ನೋಡುವವರ ಕಡೆಗೆ ಇಳಿಯುತ್ತಿತ್ತು. ಎರಡನ್ನೂ ಹೊಂದಿಸಲು ಮಾವ ಕತ್ತು ಓರೆ ಮಾಡುತ್ತಿದ್ದರು. ಪ್ಲಾನನ್ನೇ ತಿರುಗಿಸಿ, ಉತ್ತರದ ಬಾಣ ಹೊಸದಾಗಿ ಹಾಕಿದೆ. ಎಲ್ಲ 1:200 ಸ್ಕೇಲಿನಲ್ಲೇ ಇದ್ದದ್ದು ಒಳ್ಳೆಯದಾಯಿತು. ಸೆಕ್ಷನ್ ಅನ್ನೂ ಹಾಗೇ ತಿರುಗಿಸಿ ಪ್ಲಾನಿನ ಪಕ್ಕದಲ್ಲೇ ಇಟ್ಟರೆ ಮೆಟ್ಟಿಲುಗಳು ಒಂದೇ ಗೆರೆಗೆ ಬಂದವು.

ಬೆಳಿಗ್ಗೆ ನೋಡಿದರೆ ಮಳೆಯ ತೇವಕ್ಕೆ ಮಾಡೆಲ್‌ನ ಮೇಲಿನ ಎರಡು ಪದರ ಬಾಗಿ ಎದ್ದಿದ್ದವು. ಒಂದು ಮೀಟರ್ ಎತ್ತರಕ್ಕೆ 5 ಮಿಲಿಮೀಟರಿನ ಒಂದು ಪದರ. ಅಂಚು ಎದ್ದರೆ ಗುಡ್ಡವೇ ಸುಳ್ಳು ಹೇಳುತ್ತದೆ. ಮಾವನ ಎರಡು ಇಸ್ತ್ರಿ ಪೆಟ್ಟಿಗೆಗಳನ್ನು ಭಾರಕ್ಕೆ ಇಟ್ಟು ಕೂರಿಸಿದೆ.

ಜ್ಯೂರಿಯಲ್ಲಿ ನಾನು ಮೊದಲ ಶೀಟಿನ ಮುಂದೆ ಮಾತಾಡುತ್ತಿರುವಾಗಲೇ ಒಬ್ಬರು ಎದ್ದು ಬಂದು ಮಾಡೆಲ್‌ನ ಕಾಲುವೆಯ ಮೇಲೆ ಬೆರಳಿಟ್ಟರು. ನೀರಿನ ಬಗ್ಗೆ ಏನೂ ಕೇಳಲಿಲ್ಲ. "ವೀಲ್‌ಚೇರ್‌ನಲ್ಲಿ ಬಂದವರು ಮೂರನೇ ಮಟ್ಟಕ್ಕೆ ಹೇಗೆ ಹೋಗ್ತಾರೆ?" ಎಂದರು. 1:12ರ ರ‍್ಯಾಂಪ್ ಅಂದರೆ 1.25 ಮೀಟರಿಗೆ 15 ಮೀಟರ್ ಉದ್ದ. ಅಂಥ ಎರಡು ಬೇಕು. ನನ್ನ ಯಾವ ಶೀಟಿನಲ್ಲೂ ಅದಿರಲಿಲ್ಲ.