ತೋಟದ ಬ್ಯಾಟರಿ ಗಾಡಿ: ಮುಂದಿನ ಎರಡು ಚಕ್ರ ಒಂದೇ ಸಮ ತಿರುಗಿದರೆ ಆಗದು

ಗುಬ್ಬಿ ಕಡೆಯ ನಮ್ಮ ತೋಟದಲ್ಲಿ ತೆಂಗಿನಕಾಯಿ ಸಾಗಿಸಲು ಕಟ್ಟುತ್ತಿರುವ ಗಾಡಿಯ ಚಾಸಿ ಮುಗಿದಿದೆ. ಹಿಂದಕ್ಕೆ ಇ-ರಿಕ್ಷಾದ ಡಿಫರೆನ್ಷಿಯಲ್ ಆಕ್ಸಲ್ ಕೂತಿದೆ. ಈ ಸಲ ಬರೆಯುವುದೆಲ್ಲ ಮುಂಭಾಗದ ಬಗ್ಗೆ. ತುಮಕೂರಿನ ಗುಜರಿಯಲ್ಲಿ ಕೊಂಡ ಮುಂದಿನ ಸೆಟ್ಟಿನಲ್ಲಿ ಚಕ್ರಗಳನ್ನು ತಿರುಗಿಸುವ ಸ್ಟಿಯರಿಂಗ್ ಆರ್ಮ್‌ಗಳು ಎರಡೂ ನೇರ ಹಿಂದಕ್ಕೆ ಚಾಚಿಕೊಂಡಿದ್ದವು. ಅಂದರೆ ಒಂದು ಚಕ್ರ ಎಷ್ಟು ತಿರುಗಿದರೆ ಇನ್ನೊಂದೂ ಅಷ್ಟೇ.

ಹಾಗೇ ಇಟ್ಟುಕೊಂಡರೆ ಏನಾಗುತ್ತದೆಂದು ನೋಡಲು ಅಂಗಳದಲ್ಲಿ ಜರಡಿ ಹಿಡಿದ ಮಣ್ಣು ಹರಡಿ, ಸ್ವಲ್ಪ ನೀರು ಚಿಮುಕಿಸಿ, ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಗಾಡಿ ತಳ್ಳಿಸಿದೆ. ನೇರಕ್ಕೆ ಒಬ್ಬರೇ ತಳ್ಳಬಹುದಾದ ಗಾಡಿಗೆ ತಿರುವಿನಲ್ಲಿ ಇಬ್ಬರು ಬೇಕಾಯಿತು. ಹಿಂದಿನ ಟೈರುಗಳ ಅಚ್ಚು ಗೆರೆ ಗೆರೆಯಾಗಿ ಸ್ಪಷ್ಟವಾಗಿ ಮೂಡಿತ್ತು. ಮುಂದಿನ ಎರಡರ ಅಚ್ಚು ಮಾತ್ರ ಅಳಿಸಿದ ಹಾಗೆ. ಒಳಗಿನ ಚಕ್ರದ ಅಚ್ಚು ತಿರುವಿನ ಒಳಕ್ಕೆ ಉಜ್ಜಿತ್ತು, ಹೊರಗಿನದ್ದು ಹೊರಕ್ಕೆ. ತಾವು ಮುಖ ಮಾಡಿದ ದಾರಿಯಲ್ಲಿ ಹೋಗಲು ಬಿಟ್ಟರೆ ಎರಡೂ ಚಕ್ರ ಒಂದರ ಕಡೆಗೊಂದು ಬರುತ್ತವೆ. ಆಕ್ಸಲ್ ಅವನ್ನು ದೂರದಲ್ಲೇ ಹಿಡಿದಿಟ್ಟಿರುವುದರಿಂದ ಟೈರು ಅಡ್ಡಡ್ಡ ಉಜ್ಜಿಕೊಂಡು ಹೋಗಬೇಕಾಗುತ್ತದೆ.

ಕಾರಣ ಸರಳ. ಗಾಡಿ ತಿರುಗುವಾಗ ನಾಲ್ಕೂ ಚಕ್ರ ಒಂದೇ ಕೇಂದ್ರದ ಸುತ್ತ ಹೋಗುತ್ತವೆ. ಉಜ್ಜದೆ ಉರುಳಬೇಕಾದರೆ ಪ್ರತಿ ಚಕ್ರದ ಆಕ್ಸಲ್ ಗೆರೆಯನ್ನು ಎಳೆದಾಗ ಅದು ಆ ಕೇಂದ್ರವನ್ನು ಮುಟ್ಟಬೇಕು. ಹಿಂದಿನ ಆಕ್ಸಲ್ ತಿರುಗುವುದಿಲ್ಲವಾದ್ದರಿಂದ ಕೇಂದ್ರ ಅದರ ನೇರಕ್ಕೇ ಎಲ್ಲೋ ಪಕ್ಕದಲ್ಲಿರುತ್ತದೆ. ಒಳಗಿನ ಮುಂಚಕ್ರ ಅದಕ್ಕೆ ಹತ್ತಿರ, ಅದರ ವೃತ್ತ ಚಿಕ್ಕದು, ಹಾಗಾಗಿ ಅದು ಹೆಚ್ಚು ತಿರುಗಲೇಬೇಕು.

ನನ್ನ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 1200 ಮಿ.ಮೀ., ಮುಂಚಕ್ರಗಳು ಎಡ ಬಲಕ್ಕೆ ತಿರುಗುವ ಗೂಟಗಳಾದ ಎರಡು ಕಿಂಗ್‌ಪಿನ್ ನಡುವೆ 800 ಮಿ.ಮೀ. ತೆಂಗಿನ ಮಧ್ಯೆ ಅಡಿಕೆಯೂ ಇರುವುದರಿಂದ ಸಾಲಿನ ಕೊನೆಯಲ್ಲಿ ಹಿಂದಿನ ಆಕ್ಸಲ್‌ನ ನಡುಭಾಗ 2 ಮೀಟರ್ ತ್ರಿಜ್ಯದಲ್ಲಿ ತಿರುಗಬೇಕೆಂದು ಇಟ್ಟುಕೊಂಡೆ. ಒಳಗಿನ ಕಿಂಗ್‌ಪಿನ್ ಕೇಂದ್ರದಿಂದ ಪಕ್ಕಕ್ಕೆ 1600, ಹೊರಗಿನದು 2400. ಇದನ್ನು ಡಿಗ್ರಿಯಲ್ಲಿ ಅಳೆಯುವ ಬದಲು ನೆಲದ ಮೇಲೇ ಅಳೆದೆ: ಚಕ್ರ ಮುಖ ಮಾಡಿದ ದಿಕ್ಕಿನ ಗೆರೆ, ನೇರಕ್ಕೆ ಒಂದು ಮೀಟರ್ ಹೋಗುವಷ್ಟರಲ್ಲಿ ಪಕ್ಕಕ್ಕೆ ಎಷ್ಟು ಸೆಂ.ಮೀ. ಸರಿಯುತ್ತದೆ? ಒಳಗಿನದಕ್ಕೆ 1200 ಭಾಗಿಸು 1600, ಅಂದರೆ 75 ಸೆಂ.ಮೀ. ಹೊರಗಿನದಕ್ಕೆ 1200 ಭಾಗಿಸು 2400, ಅಂದರೆ 50. ಡಿಗ್ರಿಯಲ್ಲೇ ಬೇಕೆನ್ನುವವರಿಗೆ 36.9 ಮತ್ತು 26.6. ಹತ್ತು ಡಿಗ್ರಿಗೂ ಮಿಕ್ಕಿದ ವ್ಯತ್ಯಾಸ! ಅದೇ 10 ಮೀಟರ್ ತ್ರಿಜ್ಯದ ನಿಧಾನ ತಿರುವಿನಲ್ಲಿ 12.5 ಮತ್ತು 11.5 ಸೆಂ.ಮೀ. ಅಷ್ಟೇ, ಉಜ್ಜಿದ್ದು ಕಣ್ಣಿಗೂ ಬೀಳುವುದಿಲ್ಲ. ರಸ್ತೆಯ ಮೇಲೆ ಚೆನ್ನಾಗಿಯೇ ಓಡುವ ಗಾಡಿ ಸಾಲಿನ ತಿರುವಿನಲ್ಲಿ ಮಾತ್ರ ಹಠ ಹಿಡಿಯುವುದು ಇದಕ್ಕೇ.

ಕಬ್ಬು ಹೊರುವ ನಾಲ್ಕು ಚಕ್ರದ ಟ್ರೈಲರ್ ನೋಡಿದವರಿಗೆ ಒಂದು ಪ್ರಶ್ನೆ ಬರಬಹುದು. ಅದರಲ್ಲಿ ಮುಂದಿನ ಆಕ್ಸಲ್ ಪೂರ್ತಿಯಾಗಿ ಟರ್ನ್‌ಟೇಬಲ್ ಮೇಲೆ ತಿರುಗುತ್ತದೆ. ಎರಡೂ ಚಕ್ರ ಒಂದೇ ಆಕ್ಸಲ್ ಮೇಲಿರುವುದರಿಂದ ಗೆರೆ ತಾನಾಗಿಯೇ ಕೇಂದ್ರ ಸೇರುತ್ತದೆ, ಲೆಕ್ಕವೇ ಬೇಡ. ಆದರೆ ಚಕ್ರಗಳು ಚಾಸಿಯ ಕೆಳಗೆ ನುಗ್ಗಲು ಜಾಗ ಬಿಡಬೇಕು, ಮತ್ತು ಪೂರ್ತಿ ತಿರುಗಿದಾಗ ಒಳಚಕ್ರ ನಡುವಿಗೆ ಸರಿದು ಗಾಡಿ ಮಗುಚುವ ಭಯ. ಕುದುರೆ ಗಾಡಿಗಳ ಕಾಲದಲ್ಲೂ ಇದೇ ತಲೆನೋವಿತ್ತು. ಮ್ಯೂನಿಕ್‌ನ ಗಾಡಿ ತಯಾರಕ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್ ಪ್ರತಿ ಚಕ್ರಕ್ಕೂ ಬೇರೆ ಕಿಂಗ್‌ಪಿನ್ ಕೊಟ್ಟ. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟ್ ಮಾಡಿಸಿದವನು ರುಡಾಲ್ಫ್ ಅಕರ್‌ಮನ್. ಈ ಜೋಡಣೆಗೆ ಹೆಸರು ಉಳಿದದ್ದು ಪೇಟೆಂಟ್ ಮಾಡಿಸಿದವನದ್ದು, ಪಾಪ.

ಈಗ ಆರ್ಮ್ ವಿಷಯ. ಆರ್ಮ್‌ಗಳನ್ನು ಹಿಂದಕ್ಕೂ ಸ್ವಲ್ಪ ಒಳಕ್ಕೂ ವಾಲಿಸಿ, ಎರಡರ ಗೆರೆಯೂ ಹಿಂದಿನ ಆಕ್ಸಲ್‌ನ ನಡುವಿನಲ್ಲಿ ಕೂಡುವಂತೆ ಮಾಡಿ ಎನ್ನುವುದು ಎಲ್ಲರೂ ಹೇಳುವ ಸೂತ್ರ. ವಾಲಿಸಿದ್ದರಿಂದ ಏನು ಉಪಯೋಗ? ತಿರುವಿನಲ್ಲಿ ಒಳಗಿನ ಆರ್ಮ್, ಎರಡು ಆರ್ಮ್‌ಗಳ ತುದಿ ಜೋಡಿಸುವ ಟೈ ರಾಡ್‌ನ ನೇರಕ್ಕೆ ವಾಲುತ್ತಾ ಬರುತ್ತದೆ, ಹೊರಗಿನದು ಅಡ್ಡಕ್ಕೆ ನಿಲ್ಲುತ್ತದೆ. ಟೈ ರಾಡ್ ಒಂದಿಷ್ಟು ಸರಿದರೆ ಅಡ್ಡ ನಿಂತ ಆರ್ಮ್ ಕಡಿಮೆ ತಿರುಗುತ್ತದೆ, ವಾಲಿದ ಆರ್ಮ್ ಹೆಚ್ಚು ತಿರುಗುತ್ತದೆ. ಬೇಕಾದದ್ದೂ ಅದೇ.

ನನ್ನ ಆರ್ಮ್ ಉದ್ದ 120 ಮಿ.ಮೀ. ಸೂತ್ರದ ಪ್ರಕಾರ ತುದಿ ಒಳಕ್ಕೆ 38 ಮಿ.ಮೀ., ಟೈ ರಾಡ್ 724. ಕಬ್ಬಿಣ ಕತ್ತರಿಸುವ ಮೊದಲು ಪ್ಲೈವುಡ್ ಮೇಲೆ ಅರ್ಧ ಅಳತೆಯ ಮಾದರಿ ಮಾಡಿ, ಅಲ್ಯೂಮಿನಿಯಂ ಪಟ್ಟಿ ಮತ್ತು ಬೋಲ್ಟುಗಳಲ್ಲಿ ಜೋಡಿಸಿದೆ. ಒಳಗಿನದನ್ನು 75ಕ್ಕೆ ತಿರುಗಿಸಿದರೆ ಹೊರಗಿನದು 50ಕ್ಕೆ ನಿಲ್ಲದೆ 54ರ ಹತ್ತಿರ ಹೋಯಿತು. ಕಾಗದದ ಮೇಲೆ ಲೆಕ್ಕ ಹಾಕಿದರೂ ಅದೇ ಬಂತು. ಸೂತ್ರ ಅಂದಾಜಿನದ್ದು. ನಾಲ್ಕು ಕೀಲಿನ ಈ ಜೋಡಣೆ ಎಲ್ಲ ತಿರುವಿಗೂ ಕರಾರುವಾಕ್ಕಾಗಿ ಹೊಂದುವುದೇ ಇಲ್ಲ. ಹಾಗಾಗಿ ತುದಿಯನ್ನು ಇನ್ನೂ 7 ಮಿ.ಮೀ. ಒಳಕ್ಕೆ, ಅಂದರೆ 45ಕ್ಕೆ ತಂದೆ. ಟೈ ರಾಡ್ 710 ಆಯಿತು. ಆರ್ಮ್ ಗೆರೆಗಳು ಈಗ ಹಿಂದಿನ ಆಕ್ಸಲ್‌ಗಿಂತ ಸುಮಾರು 21 ಸೆಂ.ಮೀ. ಮುಂದೆಯೇ ಕೂಡುತ್ತವೆ. 75ಕ್ಕೆ ಹೊರಗಿನದು 51. ಮೂರು ಮೀಟರ್ ತಿರುವಿನಲ್ಲಿ ಒಳಗೆ 46 ಇದ್ದಾಗ ಹೊರಗೆ 35 ಬೇಕು, ಸಿಗುವುದು 37. ತೋಟದ ಮಣ್ಣಿನಲ್ಲಿ ಇದಕ್ಕಿಂತ ನಾಜೂಕು ಯಾರಿಗೆ ಬೇಕು?

ಶಿರಾ ಗೇಟ್ ಕಡೆಯ ವೆಲ್ಡಿಂಗ್ ಅಂಗಡಿಯಲ್ಲಿ ಭಾಯ್ ಆರ್ಮ್ ಕೈಯಲ್ಲಿ ಹಿಡಿದು ನೋಡಿದರು.

“ಸಾರ್, ಟೈ ರಾಡ್ ಆಕ್ಸಲ್ ಮುಂದಕ್ಕೆ ಹಾಕಿಬಿಡೋಣ. ಹಿಂದೆ ಬ್ಯಾಟರಿ ಪೆಟ್ಟಿಗೆಗೆ ತಗಲುತ್ತೆ.”

“ಹಾಕಬಹುದು ಭಾಯ್, ಆದರೆ ಆಗ ಆರ್ಮ್ ತುದಿ ಒಳಕ್ಕಲ್ಲ, ಹೊರಕ್ಕೆ ವಾಲಬೇಕು.”

ಇದೇ ಆರ್ಮ್‌ಗಳನ್ನು ಮುಂದಕ್ಕೆ ಮಾಡಿ ತುದಿಯನ್ನು ಒಳಕ್ಕೇ ಬಿಟ್ಟರೆ ಎಲ್ಲ ತಿರುವುಮುರುವು: ಹೊರಗಿನ ಚಕ್ರವೇ ಹೆಚ್ಚು ತಿರುಗಿ, ನೇರ ಆರ್ಮ್‌ಗಿಂತಲೂ ಕೆಟ್ಟದಾಗಿ ಉಜ್ಜುತ್ತದೆ. ಹೊರಕ್ಕೆ ವಾಲಿಸಿ ಹಿಡಿದು ನೋಡಿದಾಗ ರಾಡ್ ಎಂಡ್‌ಗೂ ಟೈರಿಗೂ ನಡುವೆ ಬೆರಳು ತೂರಲಿಲ್ಲ. “ಪೆಟ್ಟಿಗೇನೇ ಹಿಂದಕ್ಕೆ ಸರಿಸೋಣ ಬಿಡಿ ಸಾರ್” ಎಂದು ಅವರೇ ತೀರ್ಮಾನ ಮಾಡಿದರು.

ವೇಗದ ಕಾರುಗಳಿಗೆ ಇದೇ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ತಿರುವಿನಲ್ಲಿ ಭಾರದ ಹೆಚ್ಚು ಪಾಲು ಹೊರಗಿನ ಟೈರಿಗೆ ಬಿದ್ದು, ಟೈರುಗಳು ಮುಖ ಮಾಡಿದ ದಿಕ್ಕಿಗೂ ಹೋಗುವ ದಿಕ್ಕಿಗೂ ಕೆಲವು ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ರೇಸ್ ಕಾರುಗಳಲ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಸಮನಾಗಿ ತಿರುಗುವಂತೆ ಮಾಡುವುದೂ ಉಂಟು. ನಡಿಗೆಯ ವೇಗದ ನನ್ನ ಗಾಡಿಗೆ ಆ ಚಿಂತೆ ಇಲ್ಲ.

ಹೊಸ ಆರ್ಮ್ ಕೂತ ಮೇಲೆ ಟೈರಿನ ಪಕ್ಕಕ್ಕೆ ನೇರ ಪೈಪ್ ಒತ್ತಿ ಹಿಡಿದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಅಳೆದೆ. ಎಡ ತಿರುವಿನಲ್ಲಿ 75ಕ್ಕೆ 51. ಬಲದಲ್ಲಿ 75ಕ್ಕೆ 53. ಎರಡು ಕಡೆಗೂ ಒಂದೇ ಬರಬೇಕಿತ್ತು. ಒಂದು ಆರ್ಮ್ ವೆಲ್ಡಿಂಗ್ ಬಿಸಿಗೆ ಕೊಂಚ ಎಳೆದುಕೊಂಡಿದೆ, ತುದಿ 45ರ ಬದಲು 43ರಲ್ಲಿದೆ. ಇದನ್ನು ಟೈ ರಾಡ್ ತಿರುವಿ ಸರಿಮಾಡಲು ಬರುವುದಿಲ್ಲ, ಅದರಿಂದ ನೇರ ಓಟದ ಟೋ, ಅಂದರೆ ಎರಡು ಮುಂಚಕ್ರ ಸಮಾನಾಂತರವಾಗಿ ನಿಲ್ಲುವುದು, ಕೆಡುತ್ತದೆ ಅಷ್ಟೇ. ಆರ್ಮನ್ನೇ ಕಾಯಿಸಿ ಬಗ್ಗಿಸಬೇಕು. ಜೊತೆಗೆ ಒಳಚಕ್ರ 40 ಡಿಗ್ರಿ ದಾಟದಂತೆ ಎರಡು ಕಡೆ ಸ್ಟಾಪರ್ ಬೋಲ್ಟ್ ಹಾಕಿಸಬೇಕು. ಇನ್ನೂ ತಿರುಗಲು ಬಿಟ್ಟರೆ ಒಳಗಿನ ಆರ್ಮ್ ಟೈ ರಾಡ್‌ನೊಂದಿಗೆ ಒಂದೇ ಗೆರೆಗೆ ಬಂದು, ವಾಪಸ್ ಬರದೆ ಸಿಕ್ಕಿಕೊಳ್ಳಬಹುದು. ಆ ಕೆಲಸ ಮುಗಿದ ಮೇಲೆ ಅದೇ ಒದ್ದೆ ಮಣ್ಣಿನ ಪರೀಕ್ಷೆ, ಈ ಸಲ ಕಾಯಿ ಹೇರಿಕೊಂಡು.