ಹಾಫ್ ಮ್ಯಾರಥಾನ್ ಶೀಟ್: ಎಲ್ಲಿ ಹೋಯಿತು ಮೂರು ನಿಮಿಷ?

ಮರೀನ್ ಡ್ರೈವಿನ ಭಾನುವಾರದ ಓಟದ ಗುಂಪಿಗಾಗಿ ಮಾಡುತ್ತಿದ್ದ ಸ್ಪ್ಲಿಟ್ ಶೀಟ್, ಅಂದರೆ ಓಟದ ಪ್ರತಿ ತುಂಡಿನ ಸಮಯ ಬರೆದಿಡುವ ಸ್ಪ್ರೆಡ್‌ಶೀಟ್, ಕೊನೆಗೂ ಸರಿಯಾಗಿ ಲೆಕ್ಕ ಕೊಡುತ್ತಿದೆ. ಎರಡು ವಾರ ಕಾಡಿದ್ದು ಒಂದೇ ಒಂದು ಸೆಲ್: ಒಟ್ಟು ಓಟದ ಸರಾಸರಿ ಪೇಸ್, ಅಂದರೆ ಒಂದು ಕಿ.ಮೀ.ಗೆ ಹಿಡಿದ ಸಮಯ.

10 ಕಿ.ಮೀ. ಓಟಗಳಲ್ಲಿ ಅದು ಸೆಕೆಂಡೂ ತಪ್ಪುತ್ತಿರಲಿಲ್ಲ. ಹಾಫ್ ಮ್ಯಾರಥಾನ್ ಹಾಕಿದ ಕೂಡಲೇ ಓಡಿದ್ದಕ್ಕಿಂತ ವೇಗದ ಪೇಸ್ ತೋರಿಸುತ್ತಿತ್ತು. ಪೆಡರ್ ರೋಡಿನ ಏರು ದಾಟಿ ಬರುವ ಇಂಥ ಒಂದು ಓಟ ನೋಡಿ. ಮೊದಲ 5 ಕಿ.ಮೀ.ಗೆ 30:00, ಎರಡನೆಯದಕ್ಕೆ 30:50, ಮೂರನೆಯದಕ್ಕೆ 32:30, ನಾಲ್ಕನೆಯದಕ್ಕೆ 34:10. ಉಳಿದ 1.0975 ಕಿ.ಮೀ.ಯನ್ನು ಜೀವ ಬಿಟ್ಟು ಓಡಿ 5:55. ಪೇಸ್‌ಗಳು ಕ್ರಮವಾಗಿ 6:00, 6:10, 6:30, 6:50, ಕೊನೆಯದು 5:23. ಶೀಟ್ ಮಾಡುತ್ತಿದ್ದ ಹಾಗೆ ಈ ಐದನ್ನೂ ಕೂಡಿಸಿ ಐದರಿಂದ ಭಾಗಿಸಿದರೆ 6:11. ನಿಜವಾದ ಒಟ್ಟು ಸಮಯ 2:13:25, ಅಂದರೆ 8005 ಸೆಕೆಂಡು, ಅದನ್ನು 21.0975ರಿಂದ ಭಾಗಿಸಿದರೆ 6:19.

ಕಿ.ಮೀ.ಗೆ ಎಂಟೊಂಬತ್ತು ಸೆಕೆಂಡು ಸಣ್ಣದೆನಿಸಬಹುದು. ಆದರೆ ಆ ತಪ್ಪು ಪೇಸನ್ನು ಪೂರ್ತಿ ದೂರಕ್ಕೆ ಗುಣಿಸಿದರೆ ಸುಮಾರು 2:10:21 ಬರುತ್ತದೆ. ಮೂರು ನಿಮಿಷ ಮಾಯ! ಈ ಅಂಕಿ ನಂಬಿ ಮುಂದಿನ ಓಟಕ್ಕೆ 2:10ರ ಗುರಿ ಇಟ್ಟವರು ಮೊದಲ 5 ಕಿ.ಮೀ.ಯಲ್ಲೇ ಕಾಲು ಸುಟ್ಟುಕೊಳ್ಳುತ್ತಾರೆ.

ಕಾರಣ ಕೊನೆಯ ತುಂಡು. ಅದು ಒಟ್ಟು ದೂರದ ಶೇ. 5ರಷ್ಟು ಮಾತ್ರ, ಆದರೆ ಪೇಸ್‌ಗಳ ಸರಾಸರಿ ಅದಕ್ಕೆ ಐದರಲ್ಲೊಂದು ಪಾಲು, ಅಂದರೆ ಶೇ. 20 ಕೊಡುತ್ತದೆ. ನಾಲ್ಕು ಮೂಟೆ ಅಕ್ಕಿಯ ದರಕ್ಕೂ ಒಂದು ಸೇರಿನ ದರಕ್ಕೂ ಒಂದೇ ತೂಕ ಕೊಟ್ಟು ಸರಾಸರಿ ತೆಗೆದ ಹಾಗೆ. ಎಲ್ಲ ತುಂಡುಗಳೂ ಸಮವಾಗಿದ್ದರೆ ಎರಡು ಲೆಕ್ಕಕ್ಕೂ ಒಂದೇ ಉತ್ತರ. ಅದಕ್ಕೇ 10 ಕಿ.ಮೀ. ಓಟಗಳಲ್ಲಿ ದೋಷ ಅಡಗಿ ಕೂತಿತ್ತು.

ಸರಿಯಾದ ಸೂತ್ರ, B ಕಾಲಮಿನಲ್ಲಿ ದೂರ, Cಯಲ್ಲಿ ಸಮಯ ಇದ್ದರೆ:

```
=SUM(C2:C6)/SUM(B2:B6)
```

ಸೆಲ್ ಫಾರ್ಮ್ಯಾಟ್ `[m]:ss`. ಸಮಯವನ್ನು `30:50` ಎಂದು ಟೈಪ್ ಮಾಡಿದರೆ ಶೀಟ್ ಅದನ್ನು 30 ಗಂಟೆ 50 ನಿಮಿಷ ಎಂದುಕೊಳ್ಳುತ್ತದೆ, ಹಾಗಾಗಿ `0:30:50` ಎಂದೇ ಬರೆಯಬೇಕು. ಸಮಯ ಇಲ್ಲದೆ D ಕಾಲಮಿನಲ್ಲಿ ಪೇಸ್ ಮಾತ್ರ ಇದ್ದರೆ ಪ್ರತಿ ಪೇಸನ್ನೂ ಅದರ ದೂರದಿಂದ ಗುಣಿಸಿ ಕೂಡಿಸಬೇಕು:

```
=SUMPRODUCT(B2:B6,D2:D6)/SUM(B2:B6)
```

ಪರೀಕ್ಷೆ ಸುಲಭ: ಬಂದ ಪೇಸನ್ನು ಒಟ್ಟು ದೂರದಿಂದ ಗುಣಿಸಿ. ಗಡಿಯಾರದ ಸಮಯ ಬರದಿದ್ದರೆ ಸೂತ್ರ ತಪ್ಪು.

ಇದಕ್ಕಿಂತ ಕೆಟ್ಟದಾಗಿ ಕೆಡಿಸುವುದು ಲ್ಯಾಪ್ ಬಟನ್ನಿಗೆ ಕೈ ತಗುಲಿ ಹುಟ್ಟುವ ಪುಡಿ ಲ್ಯಾಪ್. ನೀರು ಕುಡಿಯಲು ನಿಂತಾಗ 0.02 ಕಿ.ಮೀ.ಗೆ 20 ಸೆಕೆಂಡು ದಾಖಲಾದರೆ ಅದರ ಪೇಸ್ 16:40. ಮೇಲಿನ ಪಟ್ಟಿಗೆ ಅದೊಂದು ಸೇರಿದರೂ ಪೇಸ್‌ಗಳ ಸರಾಸರಿ 8 ನಿಮಿಷದ ಹತ್ತಿರ ಹೋಗುತ್ತದೆ. ಒಟ್ಟು ಸಮಯದ ಲೆಕ್ಕದಲ್ಲಿ ಅದೇ ಲ್ಯಾಪ್ ಕಿ.ಮೀ.ಗೆ ಒಂದು ಸೆಕೆಂಡೂ ಅಲುಗಿಸುವುದಿಲ್ಲ. ಕದಲದೆ ನಿಂತು ದೂರ ಸೊನ್ನೆಯಾದರಂತೂ ಆ ಲ್ಯಾಪಿನ ಪೇಸ್ `#DIV/0!`, ಜೊತೆಗೆ `AVERAGE` ಕೂಡ.

ಭಾಗಿಸುವ ದೂರ ಯಾವುದು ಎಂಬುದೂ ಮುಖ್ಯ. ಎತ್ತರದ ಕಟ್ಟಡಗಳ ನಡುವೆ ಗಡಿಯಾರದ ಜಿಪಿಎಸ್ 21.4 ಕಿ.ಮೀ. ತೋರಿಸಿದರೆ ಮೇಲಿನ ಸಮಯಕ್ಕೆ ಪೇಸ್ 6:14 ಎಂದು ಬರುತ್ತದೆ. ಅಳೆದು ಗುರುತಿಸಿದ ಕೋರ್ಸಿನಲ್ಲಿ ಓಡಿದ್ದಾದರೆ 21.0975ರಿಂದಲೇ ಭಾಗಿಸಿ, 6:19 ಎಂದೇ ಬರೆಯಿರಿ.

ಕಿ.ಮೀ./ಗಂಟೆಯಲ್ಲಿ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. 5 ಕಿ.ಮೀ. 12ರಲ್ಲಿ, 5 ಕಿ.ಮೀ. 10ರಲ್ಲಿ ಓಡಿದರೆ ಸರಾಸರಿ 11 ಅಲ್ಲ. 25 ನಿಮಿಷಕ್ಕೆ 30 ಸೇರಿ 55 ನಿಮಿಷ, ಅಂದರೆ 10.9. ನಿಧಾನದ ಅರ್ಧದಲ್ಲಿ ಹೆಚ್ಚು ಹೊತ್ತು ಇರುತ್ತೇವಲ್ಲ! ಟ್ರೆಡ್‌ಮಿಲ್ಲಿನಲ್ಲಿ ಅರ್ಧರ್ಧ ಗಂಟೆ ಓಡಿದರೆ ಮಾತ್ರ 11 ಸರಿ.

ಮುಂದಿನದು ಮಣಿಕಟ್ಟಿಗೆ ಸುತ್ತಿಕೊಳ್ಳುವ ಪೇಸ್ ಪಟ್ಟಿ, ಪೆಡರ್ ರೋಡಿನ ಏರಿಗೆ ಹೆಚ್ಚುವರಿ ಸೆಕೆಂಡು ಮೀಸಲಿಟ್ಟು. ಆದರೆ ‘ವಾಟರ್‌ಪ್ರೂಫ್’ ಎಂದು ಹೇಳಿ ಮಾರಿದ ಸ್ಟಿಕರ್ ಹಾಳೆಯ ಮೇಲೆ ಬೆವರು ಬಿದ್ದೊಡನೆ ಶಾಯಿ ಹರಡಿ 6:19 ಯಾವುದು, 6:49 ಯಾವುದು ಗೊತ್ತಾಗದಂತಾಯಿತು. ಹಾಳೆ ವಾಪಸ್ ತೆಗೆದುಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ. ಈಗ ಮಾಮೂಲಿ ಕಾಗದದ ಮೇಲೆ ಮುದ್ರಿಸಿ, ಎರಡೂ ಬದಿಗೆ ಅಗಲದ ಪಾರದರ್ಶಕ ಟೇಪ್ ಅಂಟಿಸಿ ನೋಡುವುದು. ಅಂಚಿನಲ್ಲಿ ಮೂರು ಮಿ.ಮೀ. ಟೇಪ್ ಹೊರಗೆ ಉಳಿಸಿ ಒಂದಕ್ಕೊಂದು ಅಂಟಿಸಿದರೆ ನೀರು ಒಳಗೆ ಇಳಿಯಬಾರದು.